ಕಪ್ಪಾದ ಜರಿ ಅಂಚು: ಉಜ್ಜದೆ ಎಷ್ಟು ಹೊಳಪು ವಾಪಸ್ ಬರುತ್ತದೆ?

ಗೌರಿ ಹಬ್ಬದಿಂದ ದಸರಾವರೆಗೆ ಮೈಸೂರು, ಮಂಡ್ಯದ ಮನೆಗಳಲ್ಲಿ ಬೀರು ತೆರೆಯುವ ಕಾಲ. ಅಮ್ಮನ ಧಾರೆ ಸೀರೆ, ಅಜ್ಜಿಯ ಮೈಸೂರು ಸಿಲ್ಕ್ ಹೊರಗೆ ಬರುತ್ತವೆ. ರೇಷ್ಮೆ ಚೆನ್ನಾಗೇ ಇರುತ್ತದೆ, ಅಂಚು ಮಾತ್ರ ಹೊಗೆ ಹಿಡಿದ ಪಾತ್ರೆಯ ಹಾಗೆ ಮಂಕಾಗಿರುತ್ತದೆ. ಈಗ ಅದರ ಜೊತೆಗೆ ಫೋನಿನಲ್ಲಿ ಚಿಕ್ಕ ಚಿಕ್ಕ ವಿಡಿಯೋಗಳೂ ಬರುತ್ತಿವೆ. ಒಬ್ಬರು ಟೂತ್‌ಪೇಸ್ಟ್ ಹಚ್ಚುತ್ತಾರೆ, ಇನ್ನೊಬ್ಬರು ಹುಣಸೆಹಣ್ಣು. ಮತ್ತೊಬ್ಬರು ಅಡುಗೆ ಸೋಡಾ ಬೆರೆಸಿದ ಬಿಸಿನೀರಿಗೆ ಅಲ್ಯೂಮಿನಿಯಂ ಹಾಳೆ ಹಾಕಿ ಸೆರಗನ್ನೇ ಅದ್ದುತ್ತಾರೆ. ವಿಡಿಯೋದಲ್ಲಿ ಜರಿ ಥಟ್ಟನೆ ಬೆಳ್ಳಗಾಗುತ್ತದೆ.

ಹೋದ ವರ್ಷ ಮಂಡ್ಯದ ನಮ್ಮ ಚಿಕ್ಕಮ್ಮ ತಮ್ಮ 1982ರ ಮದುವೆ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು, "ಪೂಜೆ ತಟ್ಟೆ ತಿಕ್ಕಿದಂಗೆ ಒಂದ್ಸಲ ತಿಕ್ಕಿಬಿಟ್ರೆ ಹೋಯ್ತದೆ ಕಣವ್ವ" ಅಂದರು. ಕೈ ಹಿಡಿದು ನಿಲ್ಲಿಸಿದೆ. ಏಕೆ ನಿಲ್ಲಿಸಿದೆ, ಆಮೇಲೆ ಆ ಸೀರೆಗೆ ಏನು ಮಾಡಿದೆವು ಅನ್ನುವುದನ್ನು ಬುಡದಿಂದ ಹೇಳುತ್ತೇನೆ.

## ಜರಿ ಅಂದರೆ ದಾರವಲ್ಲ, ದಾರಕ್ಕೆ ಸುತ್ತಿದ ಪಟ್ಟಿ

ಜರಿ ಎಳೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಅರ್ಧ ವಿಷಯ ಅಲ್ಲೇ ತಿಳಿಯುತ್ತದೆ. ಒಳಗೆ ತೆಳುವಾದ ರೇಷ್ಮೆ ನೂಲು, ಸಾಮಾನ್ಯವಾಗಿ ಕೆಂಪು ಇಲ್ಲವೇ ಹಳದಿ ಬಣ್ಣದ್ದು. ಬೆಳ್ಳಿಯನ್ನು ಕೂದಲಿಗಿಂತ ಸಣ್ಣ ತಂತಿಯಾಗಿ ಎಳೆದು, ಅದನ್ನು ಚಪ್ಪಟೆ ಮಾಡಿ, ಆ ಪಟ್ಟಿಯನ್ನು ನೂಲಿನ ಸುತ್ತ ಸ್ಪ್ರಿಂಗ್ ತರಹ ಒತ್ತೊತ್ತಾಗಿ ಸುತ್ತಿರುತ್ತಾರೆ. ಕೊನೆಗೆ ಮೇಲೆ ಚಿನ್ನದ ನೀರು ಹಿಡಿಸುತ್ತಾರೆ. ಈ ಕೆಲಸಕ್ಕೆ ಗುಜರಾತಿನ ಸೂರತ್ ಹೆಸರಾದ ಊರು.

ಚಿನ್ನ ಎಷ್ಟು ತೆಳು ಅನ್ನುವುದಕ್ಕೆ ನಮ್ಮೂರಿನದೇ ಲೆಕ್ಕ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ಶುರುವಾದ ರೇಷ್ಮೆ ಕಾರ್ಖಾನೆ ಈಗ ರಾಜ್ಯ ಸರ್ಕಾರದ ರೇಷ್ಮೆ ನಿಗಮವಾದ ಕೆಎಸ್ಐಸಿ ಕೈಯಲ್ಲಿದೆ. ಅಲ್ಲಿನ ಸೀರೆಗಳ ಜರಿಯಲ್ಲಿ ನೂರಕ್ಕೆ 65 ಪಾಲು ಬೆಳ್ಳಿ, 0.65 ಪಾಲು ಚಿನ್ನ ಎಂದು ನಿಗಮ ಹೇಳುತ್ತದೆ. ಅಂದರೆ ತೂಕದಲ್ಲಿ ಚಿನ್ನ ಬೆಳ್ಳಿಯ ನೂರರಲ್ಲಿ ಒಂದು ಪಾಲು. ಚಿನ್ನ ಬೆಳ್ಳಿಗಿಂತ ಹೆಚ್ಚು ಭಾರದ ಲೋಹವಾದ್ದರಿಂದ, ಅದು ತುಂಬುವ ಜಾಗ ಇನ್ನೂ ಕಡಿಮೆ. ಬೆಳ್ಳಿ ಪಟ್ಟಿಯನ್ನು 200 ಹಾಳೆಯ ನೋಟ್‌ಬುಕ್ ಅಂದುಕೊಳ್ಳಿ. ಚಿನ್ನ ಅದರ ಮೇಲಿಟ್ಟ ಒಂದೇ ಒಂದು ಹಾಳೆ. ನಮ್ಮ ಕಣ್ಣಿಗೆ ಕಾಣುವ ಬಂಗಾರದ ಬಣ್ಣವೆಲ್ಲ ಆ ಒಂದು ಹಾಳೆಯದು.

ಎಲ್ಲ ಜರಿಯೂ ಹೀಗಿರುವುದಿಲ್ಲ. ಅಂಗಡಿಯಲ್ಲಿ ಟೆಸ್ಟೆಡ್ ಜರಿ ಅನ್ನುವುದರಲ್ಲಿ ಒಳಗಿನ ಪಟ್ಟಿ ತಾಮ್ರದ್ದು, ಮೇಲೆ ಬೆಳ್ಳಿಯ ತೆಳು ಲೇಪ. ಈಚಿನ ಅಗ್ಗದ ಸೀರೆಗಳಲ್ಲಿ ಲೋಹದ ಬಣ್ಣ ಹಿಡಿಸಿದ ಪ್ಲಾಸ್ಟಿಕ್ ಎಳೆಯೇ ಇರುತ್ತದೆ. ನಿಮ್ಮದು ಯಾವುದು ಅಂತ ತಿಳಿಯಬೇಕಾದರೆ, ಸೊಂಟಕ್ಕೆ ಸಿಕ್ಕಿಸುವ ಒಳತುದಿಯಲ್ಲಿ ಸಡಿಲವಾಗಿ ನಿಂತ ಒಂದು ಸೆಂಟಿಮೀಟರ್ ಎಳೆ ಸಿಕ್ಕರೆ ಸಾಕು. ಅದನ್ನು ಸೂಜಿ ಮೊನೆಯಿಂದ ಕೆರೆದು ಭೂತಗನ್ನಡಿಯಲ್ಲಿ ನೋಡಿ. ಲೋಹ ಬಿಳಿಯಾಗಿ ಕಂಡರೆ ಬೆಳ್ಳಿ, ಕೆಂಪಗೆ ಕಂಡರೆ ತಾಮ್ರ. ಒಳಗಿನ ಕೆಂಪು ನೂಲನ್ನು ತಾಮ್ರ ಅಂದುಕೊಳ್ಳಬೇಡಿ, ನೂಲು ಮಿನುಗುವುದಿಲ್ಲ. ಚಿಮುಟದಲ್ಲಿ ಹಿಡಿದು ದೀಪಕ್ಕೆ ಒಡ್ಡಿದಾಗ ಕರಗಿ ಗಟ್ಟಿ ಉಂಡೆಯಾದರೆ ಅದು ಪ್ಲಾಸ್ಟಿಕ್. ನಿಜವಾದ ಜರಿಯಲ್ಲಿ ಕೂದಲು ಸುಟ್ಟ ವಾಸನೆ ಬಂದು ನೂಲು ಉರಿದುಹೋಗುತ್ತದೆ, ಸುರುಳಿ ಪಟ್ಟಿ ಹಾಗೇ ಉಳಿಯುತ್ತದೆ.

ಇನ್ನು ಮುಂದೆ ಹೇಳುವುದು ಮುಖ್ಯವಾಗಿ ಬೆಳ್ಳಿ ಜರಿಯ ವಿಷಯ.

## ಆ ಕಪ್ಪು ಬೆಳ್ಳಿಯದೇ

ಚಿನ್ನ ಕಪ್ಪಾಗುವುದಿಲ್ಲ, ಮತ್ತೆ ಈ ಕಪ್ಪು ಎಲ್ಲಿಂದ? ಚಿನ್ನದ ಪದರ ಅಷ್ಟು ತೆಳುವಾಗಿರುವುದರಿಂದ ಅದರಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ತೂತುಗಳಿರುತ್ತವೆ. ಉಟ್ಟು ಮಡಿಸಿ ಸವೆದ ಕಡೆ ಇನ್ನೂ ಜಾಸ್ತಿ. ಗಾಳಿಯಲ್ಲಿ ಅಲ್ಪಸ್ವಲ್ಪ ಇರುವ ಗಂಧಕದ ಅನಿಲ ಆ ತೂತುಗಳ ಮೂಲಕ ಬೆಳ್ಳಿಯನ್ನು ಮುಟ್ಟುತ್ತದೆ. ಬೆಳ್ಳಿ ಮತ್ತು ಗಂಧಕ ಸೇರಿ ಕಪ್ಪು ಪದಾರ್ಥವೊಂದು ಆಗುತ್ತದೆ. ಅದಕ್ಕೆ ಸಿಲ್ವರ್ ಸಲ್ಫೈಡ್ ಅನ್ನುತ್ತಾರೆ. ಬೆಳ್ಳಿ ಕುಂಕುಮಭರಣಿ ದೇವರ ಮನೆಯಲ್ಲಿ ಕಪ್ಪಾಗುತ್ತದಲ್ವಾ, ಅದೇ ಇದು. ಗಂಧಕ ದೂರದಿಂದೇನೂ ಬರಬೇಕಿಲ್ಲ. ಸೀರೆ ಕಟ್ಟಿಗೆ ಹಾಕಿದ ರಬ್ಬರ್ ಬ್ಯಾಂಡಿನಲ್ಲಿ ಅದಿದೆ, ಪಕ್ಕದಲ್ಲಿಟ್ಟ ಉಣ್ಣೆ ಶಾಲಿನಲ್ಲಿದೆ, ಪಟಾಕಿ ಹೊಗೆಯಲ್ಲಿದೆ.

ಕುಂಕುಮಭರಣಿಯ ಕಪ್ಪನ್ನು ಉಜ್ಜಿ ತೆಗೆದರೆ ಏನೂ ಆಗುವುದಿಲ್ಲ, ಅದರಲ್ಲಿ ಬೆಳ್ಳಿ ದಪ್ಪಗಿದೆ. ಜರಿಯಲ್ಲಿ ಕಪ್ಪಾಗಿರುವುದು ಮೇಲೆ ಬಂದು ಕೂತ ಕೊಳೆಯಲ್ಲ, ಪಟ್ಟಿಯ ಬೆಳ್ಳಿಯೇ ಬದಲಾಗಿ ಕಪ್ಪಾಗಿದೆ. ಅದನ್ನು ಕೆರೆದು ತೆಗೆದಷ್ಟೂ ಪಟ್ಟಿ ತೆಳ್ಳಗಾಗುತ್ತದೆ. ಅದರ ಜೊತೆ ಮೇಲಿನ ಆ ಒಂದು ಹಾಳೆ ಚಿನ್ನವೂ ಎದ್ದು ಹೋಗುತ್ತದೆ. ಉಜ್ಜಿದ ಮೇಲೆ ಅಂಚು ಬಿಳಿಯಾಗಿ ಹೊಳೆಯುತ್ತದೆಯೇ ಹೊರತು ಬಂಗಾರದ ಬಣ್ಣಕ್ಕೆ ಬರುವುದಿಲ್ಲ. ಚಿನ್ನ ಹೋಗಿ ಬರೀ ಬೆಳ್ಳಿ ಹೊರಗೆ ಬಂದಿರುತ್ತದೆ. ಆ ಬರೀ ಬೆಳ್ಳಿ ಮೊದಲಿಗಿಂತ ಬೇಗ ಕಪ್ಪಾಗುತ್ತದೆ.

## ಜರಿ ಉದುರುವುದು ಹೇಗೆ

ಪಟ್ಟಿಯನ್ನು ಎಲ್ಲೂ ಅಂಟಿಸಿಲ್ಲ, ಸುಮ್ನೆ ಸುತ್ತಿದ್ದಾರೆ ಅಷ್ಟೆ. ಒಳಗಿನ ನೂಲು ಬಿಗಿಯಾಗಿ ತುಂಬಿಕೊಂಡಿರುವ ತನಕ ಸುತ್ತು ಗಟ್ಟಿಯಾಗಿರುತ್ತದೆ. ಸೀರೆ ಪೂರ್ತಿ ನೆಂದಾಗ ರೇಷ್ಮೆ ನೂಲು ಊದಿಕೊಳ್ಳುತ್ತದೆ, ಲೋಹ ಊದುವುದಿಲ್ಲ. ಹಾಗಾಗಿ ಪಟ್ಟಿಯ ಮೇಲೆ ಒಳಗಿನಿಂದ ಒತ್ತಡ ಬೀಳುತ್ತದೆ. ಒಣಗಿದಾಗ ನೂಲು ಕುಗ್ಗುತ್ತದೆ, ಆದರೆ ಹಿಗ್ಗಿದ ಸುತ್ತು ವಾಪಸ್ ಬಿಗಿಯಾಗುವುದಿಲ್ಲ. ಬೆರಳು ಸಣ್ಣಗಾದ ಮೇಲೆ ಉಂಗುರ ಜಾರುತ್ತದಲ್ವಾ, ಹಾಗೆ ಸಡಿಲವಾಗುತ್ತದೆ. ಆ ಸಡಿಲ ಸುತ್ತಿಗೆ ಉಗುರೋ ಬಳೆಯೋ ಬ್ರಷ್ಷೋ ಸಿಕ್ಕಿಕೊಂಡರೆ ಬಿಚ್ಚಿಕೊಂಡು ಬರುತ್ತದೆ, ಇಲ್ಲವೇ ಮುರಿದು ಪುಡಿಯಾಗಿ ಉದುರುತ್ತದೆ.

ಮೈಸೂರು ಕ್ರೇಪ್ ಸೀರೆಯಲ್ಲಿ ಇನ್ನೊಂದು ತೊಂದರೆ ಇದೆ. ಕ್ರೇಪ್‌ಗೆ ಆ ನವಿರಾದ ಸುಕ್ಕು ಬರುವುದು ನೂಲಿಗೆ ಕೊಟ್ಟ ಜಾಸ್ತಿ ಹುರಿಯಿಂದ. ಅಂತಹ ಬಟ್ಟೆ ನೆಂದರೆ ಎಳೆದುಕೊಳ್ಳುತ್ತದೆ. ಅಂಚನ್ನಷ್ಟೇ ನೀರಲ್ಲಿ ತೊಳೆದರೆ ಅಂಚಿನ ಪಕ್ಕದ ಬಟ್ಟೆ ಕುಗ್ಗಿ, ಜರಿ ಕುಗ್ಗದೆ, ಇಡೀ ಅಂಚು ಹಪ್ಪಳದ ಹಾಗೆ ಅಲೆ ಅಲೆಯಾಗಿ ನಿಲ್ಲುತ್ತದೆ. ನನ್ನದೊಂದು ಸೀರೆಯ ಸೆರಗು ಹೀಗೆ ಆಯಿತು. ಸರಿಮಾಡಲು ಕೊಟ್ಟ ಇಸ್ತ್ರಿ ಅಂಗಡಿಯವರು ಬಲವಾಗಿ ಒತ್ತಲು ಹೋದರು. ಮಡಿಕೆ ಇದ್ದ ಕಡೆಯೆಲ್ಲ ಜರಿ ಮುರಿದು, ಒಳಗಿನ ಕೆಂಪು ನೂಲು ಗೆರೆ ಗೆರೆಯಾಗಿ ಕಾಣುತ್ತಿದೆ.

## ವಿಡಿಯೋದ ಉಪಾಯಗಳು ಎಲ್ಲಿ ಕೈಕೊಡುತ್ತವೆ

ಟೂತ್‌ಪೇಸ್ಟ್‌ನಲ್ಲೂ ವಿಭೂತಿಯಲ್ಲೂ ಇರುವುದು ನುಣುಪಾದ ಪುಡಿ. ಅದು ಉಜ್ಜಿ ಸವೆಸುತ್ತದೆ, ಆಮೇಲೆ ನೇಯ್ಗೆಯ ಸಂದಿಯಲ್ಲಿ ಬಿಳಿಯಾಗಿ ಕೂತುಬಿಡುತ್ತದೆ. ಹುಣಸೆಹಣ್ಣು, ನಿಂಬೆಹಣ್ಣು ಹಿತ್ತಾಳೆ ಬಿಂದಿಗೆಗೆ ಸರಿ, ಅವುಗಳ ಹುಳಿ ತಾಮ್ರದ ಕಿಲುಬನ್ನು ಕರಗಿಸುತ್ತದೆ. ಬೆಳ್ಳಿಯ ಈ ಕಪ್ಪನ್ನು ಅದು ಕರಗಿಸುವುದಿಲ್ಲ. ಬೆಳ್ಳಿ ಜರಿ ಹುಣಸೆಯಿಂದ ಹೊಳೆದರೆ ಅದು ಹುಳಿಯ ಕೆಲಸವಲ್ಲ, ತಿಕ್ಕಿದ ಕೈಯ ಕೆಲಸ. ತಾಮ್ರದ ಜರಿಗೆ ಹಾಕಿದರೆ ಮೊದಲ ದಿನ ಹೊಳೆಯುತ್ತದೆ, ಸಂದಿಯಲ್ಲಿ ಉಳಿದ ಹುಳಿ ಮತ್ತೆ ಹಸಿರು ಕಿಲುಬು ತರುತ್ತದೆ.

ಅಲ್ಯೂಮಿನಿಯಂ ಹಾಳೆಯ ಉಪಾಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಅದು ಸುಳ್ಳಲ್ಲ. ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಅಲ್ಯೂಮಿನಿಯಂ ಮತ್ತು ಕಪ್ಪಾದ ಬೆಳ್ಳಿ ಒಂದಕ್ಕೊಂದು ತಾಗಿದಾಗ ಗಂಧಕ ಬೆಳ್ಳಿಯನ್ನು ಬಿಡುತ್ತದೆ, ಕಪ್ಪು ಪದಾರ್ಥ ಮತ್ತೆ ಬೆಳ್ಳಿಯಾಗುತ್ತದೆ. ಊಟದ ಬೆಳ್ಳಿ ಚಮಚಕ್ಕೆ ಇದು ಒಳ್ಳೆಯ ವಿಧಾನ. ಸೀರೆಗೆ ಹಾಕಿದರೆ ಒಂದೇ ಸಲಕ್ಕೆ ಎಲ್ಲ ತೊಂದರೆಯೂ ಒಟ್ಟಿಗೆ ಬರುತ್ತವೆ. ಸೋಡಾದ ಕ್ಷಾರ ರೇಷ್ಮೆಗೆ ಆಗುವುದಿಲ್ಲ. ಬಿಸಿನೀರಿಗೆ ಹಳೆಯ ಬಣ್ಣ ಬಿಡುತ್ತದೆ. ನೂಲು ಊದಿ ಪಟ್ಟಿ ಸಡಿಲವಾಗುತ್ತದೆ. ವಾಪಸ್ ಬಂದ ಬೆಳ್ಳಿಯೂ ಮೊದಲಿನ ಗಟ್ಟಿ ಪಟ್ಟಿಯಾಗಿ ಕೂಡಿಕೊಳ್ಳುವುದಿಲ್ಲ, ಸ್ಪಂಜಿನಂತೆ ಸಡಿಲವಾಗಿ, ಮಂಕಾದ ಬಿಳುಪಾಗಿ ಉಳಿಯುತ್ತದೆ. ಅದರ ಮೇಲೆ ನಿಂತಿದ್ದ ಚಿನ್ನಕ್ಕೆ ಆಗ ನೆಲೆ ಇರುವುದಿಲ್ಲ.

ಹಾಗಾದರೆ ಮನೆಯಲ್ಲಿ ಏನು ಸಾಧ್ಯ? ಹಳೆಯ ಅಂಚು ಮಂಕಾಗಿ ಕಾಣುವುದು ಬರೀ ಈ ಕಪ್ಪಿನಿಂದಲ್ಲ. ಅದರ ಮೇಲೆ ವರ್ಷಗಟ್ಟಲೆಯ ದೂಳು, ಬೆವರು, ಕೈಯ ಜಿಡ್ಡು, ಊದುಬತ್ತಿ ಹೊಗೆಯ ಒಂದು ಪೊರೆ ಇರುತ್ತದೆ. ಆ ಪೊರೆಯನ್ನು ಚಿನ್ನಕ್ಕೆ ಪೆಟ್ಟಾಗದಂತೆ ತೆಗೆಯಬಹುದು. ಕೆಳಗಿನ ಕಪ್ಪನ್ನು ಹಾಗೇ ಬಿಡಬೇಕು. ಹೊಳಪು ಎಷ್ಟು ಬರುತ್ತದೆ ಅನ್ನುವುದು ಮೇಲಿನ ಪೊರೆ ಎಷ್ಟಿದೆ ಅನ್ನುವುದರ ಮೇಲೆ ನಿಂತಿದೆ.

## ಚಿಕ್ಕಮ್ಮನ ಸೀರೆ: ಮೊದಲು ನೋಡಿದ್ದು

ಕಡುಹಸಿರು ಕ್ರೇಪ್, ಮೂರು ಬೆರಳಗಲದ ಜರಿ ಅಂಚು. ಕಿಟಕಿ ಪಕ್ಕದ ಮೇಜಿನ ಮೇಲೆ ಬಿಳಿ ಹತ್ತಿ ಪಂಚೆ ಹಾಸಿ, ಅದರ ಮೇಲೆ ಅಂಚನ್ನು ಚಪ್ಪಟೆಯಾಗಿ ಹರಡಿದೆವು. ಇಬ್ಬರೂ ಬಳೆ, ಉಂಗುರ ತೆಗೆದಿಟ್ಟೆವು.

ಮೊದಲು ಮಾಡಿದ್ದು ಫಾಲ್ಸ್ ಬಿಚ್ಚುವ ಕೆಲಸ. ಫಾಲ್ಸ್ ಕೆಳಗೆ ಅಡಗಿದ್ದ ಜರಿಯ ಹಿಂಭಾಗಕ್ಕೆ ಗಾಳಿ, ದೂಳು ಅಷ್ಟಾಗಿ ತಗುಲಿರುವುದಿಲ್ಲ. ಅಲ್ಲಿ ಕಾಣುವ ಬಣ್ಣವೇ ಆ ಸೀರೆಯ ಅಳತೆಗೋಲು. ಚಿಕ್ಕಮ್ಮನ ಸೀರೆಯಲ್ಲಿ ಆ ಭಾಗ ಜೇನಿನ ಬಣ್ಣಕ್ಕಿತ್ತು. ಮುಂಭಾಗ ಕಂದು ಮಿಶ್ರಿತ ಬೂದು.

ಆಮೇಲೆ ಗಟ್ಟಿತನ ನೋಡಿದೆವು. ಅಂಚಿನ ಕೆಳಗೆ ಬಿಳಿ ಕಾಗದ ಇಟ್ಟು ಮೆಲ್ಲಗೆ ಎರಡು ಸಲ ತಟ್ಟಿ, ಕಾಗದವನ್ನು ಬೆಳಕಿಗೆ ಹಿಡಿದೆವು. ಮಿನುಗುವ ಚೂರು ಬಿದ್ದಿದ್ದರೆ ಅಲ್ಲಿ ಪಟ್ಟಿ ಮುರಿದಿದೆ ಎಂದರ್ಥ. ಬೆರಳಿನ ಹಿಂಭಾಗವನ್ನು ಅಂಚಿನ ಮೇಲೆ ಹಗುರವಾಗಿ ಆಡಿಸಿದಾಗ ಚುಚ್ಚಿದಂತಾದರೆ, ಭೂತಗನ್ನಡಿಯಲ್ಲಿ ಸುತ್ತುಗಳ ನಡುವೆ ಕೆಂಪು ನೂಲು ಕಂಡರೆ, ಅದೂ ಅದೇ. ನಮಗೆ ಸಿಕ್ಕಿದ್ದು ಇಷ್ಟು: ಸೆರಗು ಗಟ್ಟಿ, ನೆರಿಗೆ ಭಾಗ ಗಟ್ಟಿ, ನಲವತ್ತು ವರ್ಷ ಒಂದೇ ಕಡೆ ಮಡಿಸಿಟ್ಟಿದ್ದ ನಾಲ್ಕು ಗೆರೆಗಳಲ್ಲಿ ಜರಿ ಮುರಿದಿದೆ. ಆ ಗೆರೆಗಳ ಎರಡೂ ಪಕ್ಕ ಒಂದೊಂದು ಇಂಚು ಬಿಟ್ಟು ಬಿಳಿ ದಾರದಲ್ಲಿ ಸಡಿಲ ಹೊಲಿಗೆಯ ಗುರುತು ಹಾಕಿದೆವು. ಅದರೊಳಗೆ ಏನನ್ನೂ ಮುಟ್ಟಲಿಲ್ಲ.

## ಒಣ ಕೆಲಸ, ಆಮೇಲೆ ಒದ್ದೆ ಕೆಲಸ

ದೂಳು ತೆಗೆಯದೆ ಒದ್ದೆ ಮಾಡಿದರೆ ಅದು ಕೆಸರಾಗುತ್ತದೆ, ದೂಳಿನ ಕಣವೇ ಮರಳು ಕಾಗದದ ಹಾಗೆ ಚಿನ್ನವನ್ನು ಕೆರೆಯುತ್ತದೆ. ಹಾಗಾಗಿ ಅಂಚಿನ ಮೇಲೆ ಸೊಳ್ಳೆಪರದೆಯ ಒಂದು ತುಂಡು ಹಾಸಿ, ಅದರ ಮೇಲಿನಿಂದ ಮುಖಕ್ಕೆ ಪೌಡರ್ ಹಚ್ಚುವ ಮೆತ್ತನೆ ಬ್ರಷ್ ಆಡಿಸಿದೆವು. ಪರದೆ ಇದ್ದರೆ ಬ್ರಷ್ಷಿನ ಕೂದಲು ಸಡಿಲ ಎಳೆಯನ್ನು ಎತ್ತುವುದಿಲ್ಲ. ಬ್ರಷ್ ಯಾವಾಗಲೂ ಜರಿ ಎಳೆ ಓಡುವ ದಿಕ್ಕಿಗೇ ಹೋಗಬೇಕು. ಅಂಚಿನಲ್ಲಿ ಎಳೆ ಸೀರೆಯ ಉದ್ದಕ್ಕೆ ಓಡುತ್ತದೆ, ಸೆರಗಿನಲ್ಲಿ ಅಡ್ಡಕ್ಕೆ. ಇದೊಂದರಿಂದಲೇ ಬೂದು ಬಣ್ಣ ಸ್ವಲ್ಪ ತಿಳಿಯಾಯಿತು.

ಒದ್ದೆ ಕೆಲಸಕ್ಕೆ ಎರಡು ವಸ್ತು ತಂದಿದ್ದೆ. ಮೆಡಿಕಲ್ ಸ್ಟೋರಿನಿಂದ ಬಣ್ಣ, ವಾಸನೆ ಸೇರಿಸದ ಐಸೊಪ್ರೊಪೈಲ್ ಆಲ್ಕೋಹಾಲ್, ಮತ್ತೆ ಡಿಸ್ಟಿಲ್ಡ್ ವಾಟರ್. ನಲ್ಲಿ ನೀರಿನಲ್ಲಿ ಕ್ಲೋರಿನ್, ಬೋರ್ ನೀರಿನಲ್ಲಿ ಉಪ್ಪಿನಂಶ ಇರುತ್ತದೆ, ಎರಡೂ ಬೆಳ್ಳಿಗೆ ಆಗದು. ಚಿಕ್ಕ ಗಾಜಿನ ಬಟ್ಟಲಲ್ಲಿ ಎರಡು ಚಮಚ ನೀರು, ಎರಡು ಚಮಚ ಆಲ್ಕೋಹಾಲ್ ಬೆರೆಸಿದೆವು. ನೀರು ಬೆವರಿನ ಉಪ್ಪನ್ನು ಎಳೆದುಕೊಳ್ಳುತ್ತದೆ, ಆಲ್ಕೋಹಾಲ್ ಜಿಡ್ಡನ್ನು ಸಡಿಲಿಸುತ್ತದೆ. ಅದು ಬೇಗ ಆರುವುದರಿಂದ ರೇಷ್ಮೆಗೆ ಊದುವಷ್ಟು ಹೊತ್ತು ಸಿಗುವುದಿಲ್ಲ. ಆಲ್ಕೋಹಾಲ್ ಥಟ್ಟನೆ ಹೊತ್ತಿಕೊಳ್ಳುತ್ತದೆ, ಆದ್ದರಿಂದ ಕಿಟಕಿ ತೆರೆದಿರಬೇಕು, ಹತ್ತಿರ ದೀಪ, ಒಲೆ ಇರಬಾರದು.

ಮೊದಲು ಬಣ್ಣದ ಪರೀಕ್ಷೆ. ಒಳತುದಿಯಲ್ಲಿ ಅಂಚಿನ ಪಕ್ಕದ ಹಸಿರು ಬಟ್ಟೆಗೆ ಒಂದು ತೊಟ್ಟು ತಾಗಿಸಿ, ಬಿಳಿ ಬಟ್ಟೆಯಿಂದ ಅರ್ಧ ನಿಮಿಷ ಒತ್ತಿ ಹಿಡಿದೆವು. ಬಟ್ಟೆಗೆ ಹಸಿರು ಹತ್ತಲಿಲ್ಲ. ಜರಿಯ ಮೇಲೂ ಹಾಗೇ ಮಾಡಿದೆವು, ಒಳಗಿನ ನೂಲಿನ ಕೆಂಪೂ ಬಿಡಲಿಲ್ಲ. ಬಣ್ಣ ಸ್ವಲ್ಪ ಹತ್ತಿದ್ದರೂ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು, ಬ್ರಷ್ಷಿನಲ್ಲಿ ಬಂದಷ್ಟೇ ಸಾಕು ಅನ್ನಬೇಕಾಗುತ್ತಿತ್ತು.

ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಬಟ್ಟಲಲ್ಲಿ ಅದ್ದಿ, ಬಟ್ಟೆಗೆ ಒತ್ತಿ ಹಿಂಡಬೇಕು. ಅದು ಪಸೆಯಾಗಿರಬೇಕು, ತೊಟ್ಟಿಕ್ಕಬಾರದು. ಆ ಕಡ್ಡಿಯನ್ನು ಜರಿಯ ಮೇಲೆ ಮಲಗಿಸಿ, ಎಳೆಯ ದಿಕ್ಕಿನಲ್ಲೇ, ಲಟ್ಟಣಿಗೆ ಉರುಳಿಸಿದ ಹಾಗೆ ಉರುಳಿಸಬೇಕು. ಇಡೀ ಕೆಲಸದ ಗುಟ್ಟು ಇಲ್ಲಿದೆ. ಉರುಳುವ ಹತ್ತಿ ಕೊಳೆಯನ್ನು ಎತ್ತಿಕೊಳ್ಳುತ್ತದೆ, ಜಾರುವ ಹತ್ತಿ ಜರಿಯನ್ನು ತಿಕ್ಕುತ್ತದೆ. ಒಂದು ಸಲಕ್ಕೆ ಒಂದಿಂಚು, ಎರಡು ಉರುಳು, ಆಮೇಲೆ ಒಣ ಬಿಳಿ ಬಟ್ಟೆಯನ್ನು ಮೇಲಿಂದ ಒತ್ತಿ ಪಸೆ ತೆಗೆಯಬೇಕು. ಒರೆಸಬಾರದು. ಕಡ್ಡಿ ಕೊಳೆಯಾದ ಕೂಡಲೇ ಬೇರೆಯದು.

ಪ್ರತಿ ಕಡ್ಡಿಯನ್ನೂ ನೋಡುತ್ತಿರಬೇಕು, ಏಕೆಂದರೆ ಎಲ್ಲಿ ನಿಲ್ಲಿಸಬೇಕು ಅಂತ ಹೇಳುವುದು ಅದೇ. ಹತ್ತಿ ಕಂದು ಇಲ್ಲವೇ ಹಳದಿ ಮಿಶ್ರಿತ ಬೂದು ಬಣ್ಣಕ್ಕೆ ತಿರುಗಿದರೆ ಬರುತ್ತಿರುವುದು ಕೊಳೆ, ಮುಂದುವರಿಸಬಹುದು. ಹತ್ತಿಯಲ್ಲಿ ಮಿನುಗು ಕಂಡರೆ ಚಿನ್ನವೋ ಪಟ್ಟಿಯೋ ಬರುತ್ತಿದೆ, ಆ ಜಾಗ ಬಿಡಬೇಕು. ಸೀರೆಯ ಬಣ್ಣ ಕಂಡರೂ ಬಿಡಬೇಕು. ಹತ್ತಿ ಬೆಳ್ಳಗೇ ಬರುತ್ತಿದ್ದು, ಜರಿ ಇನ್ನೂ ಕಪ್ಪಾಗೇ ಇದ್ದರೆ, ಕೊಳೆ ಮುಗಿದಿದೆ, ಉಳಿದದ್ದು ಬೆಳ್ಳಿಯ ಕಪ್ಪು. ಹೆಚ್ಚಿನವರು ಕೈ ಜೋರು ಮಾಡುವುದು ಇದೇ ಹೊತ್ತಿನಲ್ಲಿ. ಚಿಕ್ಕಮ್ಮನೂ, "ಇನ್ನೊಂದ್ಚೂರು ಒತ್ಲಾ?" ಅಂತ ಕೇಳಿದರು. ಫಾಲ್ಸ್ ಕೆಳಗಿನ ಜೇನಿನ ಬಣ್ಣ ತೋರಿಸಿದೆ. ನಾವು ಮುಕ್ಕಾಲು ಪಾಲು ಅಲ್ಲಿಗೆ ತಲುಪಿದ್ದೆವು.

ಐದೂವರೆ ಮೀಟರ್ ಸೀರೆಯ ಎರಡೂ ಅಂಚನ್ನು ಹೀಗೆ ಮಾಡಲು ದಿನಗಟ್ಟಲೆ ಬೇಕು. ನಾವು ಸೆರಗು ಮತ್ತು ಮುಂದಿನ ನೆರಿಗೆಯಷ್ಟನ್ನೇ ಮಾಡಿದೆವು, ಅದಕ್ಕೆ ಎರಡು ಮಧ್ಯಾಹ್ನ ಹಿಡಿಯಿತು. ಸೊಂಟದ ಸುತ್ತ ಒಳಗೆ ಹೋಗುವ ಭಾಗವನ್ನು ಬ್ರಷ್ಷಿಗೇ ಬಿಟ್ಟೆವು. ಮಾಡಿದ ಕಡೆ ಬೂದು ಹೋಗಿ ಹಳೆ ಬಂಗಾರದ ಬಣ್ಣ ಬಂತು, ಅಲ್ಲಲ್ಲಿ ಕಪ್ಪು ಚುಕ್ಕೆ ಉಳಿದವು. ನೆರಳಲ್ಲಿ, ಫ್ಯಾನ್ ಕೆಳಗೆ ಒಂದು ಗಂಟೆ ಹರಡಿಟ್ಟ ಮೇಲೆ, ಉಲ್ಟಾ ಬದಿಯಿಂದ, ಮೇಲೆ ಹತ್ತಿ ಬಟ್ಟೆ ಹಾಕಿ, ನೀರು ಚಿಮುಕಿಸದೆ ಕಡಿಮೆ ಬಿಸಿಯಲ್ಲಿ ಇಸ್ತ್ರಿ ಒತ್ತಿದೆವು. ಮುರಿದ ನಾಲ್ಕು ಗೆರೆಗೆ ಇಸ್ತ್ರಿಯೂ ತಾಗಲಿಲ್ಲ.

## ಮುರಿದ ಜಾಗಕ್ಕೆ ಏನು

ಎದ್ದ ಜರಿ ಎಳೆಯನ್ನು ಎಳೆಯಬಾರದು, ಒಂದು ಎಳೆದರೆ ಗೇಣುದ್ದ ಬಿಚ್ಚಿಕೊಳ್ಳುತ್ತದೆ. ಉಗುರಿನ ಬಣ್ಣ, ಫೆವಿಕಾಲ್ ಹಾಕಿದರೆ ಅಲ್ಲಿ ಗಟ್ಟಿ ಚುಕ್ಕೆಯಾಗುತ್ತದೆ, ಮುಂದಿನ ಮಡಿಕೆಯಲ್ಲಿ ಅದರ ಪಕ್ಕವೇ ಮುರಿಯುತ್ತದೆ. ರಫ್ಫು ಮಾಡುವವರ ಹತ್ತಿರ ಆ ಗೆರೆಯ ಮೇಲೆ ಅದೇ ಬಣ್ಣದ ನವಿರಾದ ನೆಟ್ ಬಟ್ಟೆಯ ಪಟ್ಟಿ ಇರಿಸಿ, ಒಂಟಿ ರೇಷ್ಮೆ ಎಳೆಯಲ್ಲಿ ಸುತ್ತ ಹೊಲಿಸಿದೆವು. ಸೂಜಿ ಜರಿಯನ್ನು ಚುಚ್ಚದೆ ಎರಡು ಜರಿ ಎಳೆಗಳ ನಡುವೆ ಇಳಿಯಬೇಕು ಎಂದು ಮೊದಲೇ ಹೇಳಿದ್ದೆವು. ದೂರದಿಂದ ನೆಟ್ ಕಾಣುವುದಿಲ್ಲ.

ಇಷ್ಟು ಕೂತು ಮಾಡಲು ಆಗದವರು ಡ್ರೈಕ್ಲೀನಿಂಗ್‌ಗೆ ಕೊಡುತ್ತಾರೆ. ಅಲ್ಲಿನ ದ್ರಾವಣವೂ ಜಿಡ್ಡು ತೆಗೆಯುತ್ತದೆ, ಬೆಳ್ಳಿಯ ಕಪ್ಪನ್ನಲ್ಲ. ಕಾಗದ ತಟ್ಟಿ ನೋಡಿದಾಗ ಮಿನುಗು ಬಿದ್ದಿದ್ದರೆ, "ರೋಲಿಂಗ್ ಬೇಡ, ಪಾಲಿಶ್ ಬೇಡ" ಎಂದು ಚೀಟಿಯಲ್ಲೇ ಬರೆಸಿ. ರೋಲರ್‌ಗಳ ನಡುವೆ ಒತ್ತಿ ಹೋಗುವಾಗ ಮೊದಲೇ ಬಿರುಕು ಬಿಟ್ಟ ಪಟ್ಟಿ ಪುಡಿಯಾಗುತ್ತದೆ.

ತಾಮ್ರದ ಜರಿಯಲ್ಲಿ ಹಸಿರು ಪುಡಿ ಕಂಡರೆ ಬಾಯಿ ಮೂಗಿಗೆ ಬಟ್ಟೆ ಕಟ್ಟಿ, ಮನೆಯ ಹೊರಗೆ, ಒಣ ಬ್ರಷ್ಷಿನಲ್ಲೇ ತೆಗೆಯಿರಿ. ಆಮೇಲೆ ಇದೇ ಹತ್ತಿ ಕಡ್ಡಿಯ ಕ್ರಮ. ಪ್ಲಾಸ್ಟಿಕ್ ಜರಿಗೆ ಆಲ್ಕೋಹಾಲ್ ಬೇಡ, ಅದರ ಮೇಲಿನ ಬಣ್ಣದ ಲೇಪವೇ ಏಳಬಹುದು.

## ಮತ್ತೆ ಬೀರುವಿಗೆ

ಚಿಕ್ಕಮ್ಮನ ಸೀರೆ ಈಗ ಪ್ಲಾಸ್ಟಿಕ್ ಚೀಲದಲ್ಲಿಲ್ಲ. ಎರಡು ಮೂರು ಸಲ ಒಗೆದು ಗಂಜಿ ಹೋದ ಹಳೆ ಪಂಚೆಯಲ್ಲಿ ಸುತ್ತಿದೆ. ಜರಿ ಒಳಮುಖವಾಗಿದೆ. ನುಸಿ ಗುಳಿಗೆ, ಉಣ್ಣೆ ಶಾಲು, ರಬ್ಬರ್ ಬ್ಯಾಂಡ್ ಮೂರೂ ಬೇರೆ ಖಾನೆಗೆ ಹೋಗಿವೆ. ಪ್ರತಿ ಮಡಿಕೆಯ ಒಳಗೂ ಸುರುಳಿ ಮಾಡಿದ ಹತ್ತಿ ಬಟ್ಟೆ ಇಟ್ಟಿದ್ದೇವೆ. ಹಾಗಾಗಿ ಜರಿ ಗೆರೆಯಾಗಿ ಮುರಿಯದೆ ದುಂಡಗೆ ತಿರುಗುತ್ತದೆ. ಮೂರು ತಿಂಗಳಿಗೊಮ್ಮೆ ಬಿಚ್ಚಿ, ಅರ್ಧ ಗಂಟೆ ಗಾಳಿಗೆ ಹರಡಿ, ಬೇರೆ ಗೆರೆಯಲ್ಲಿ ಮಡಿಸಬೇಕು. ನೆನಪಿಗೆ ಅಂತ ಚಿಕ್ಕಮ್ಮ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಸಂಕ್ರಾಂತಿಯ ಹಿಂದಿನ ದಿನಕ್ಕೆ "ಸೀರೆ" ಎಂದು ಬರೆದು ಸುತ್ತು ಹಾಕಿದ್ದಾರೆ.